ಒಂದೇ ಗೆರೆ ಬರಬೇಕಾದ ಕಡೆ ಗುಡ್ಡ ಯಾಕೆ ಬರುತ್ತೆ?

ಪ್ರಶ್ನೆ: ಸಿಗ್ನಲ್‌ನಿಂದ 1000 ಸ್ಯಾಂಪಲ್ ಕತ್ತರಿಸಿ ಎಫ್‌ಎಫ್‌ಟಿ ಮಾಡ್ತೀನಿ. ಎಲ್ಲರೂ ವಿಂಡೋ ಹಾಕು ಅಂತಾರೆ. ನಾನು ಏನೂ ಹಾಕಿಲ್ವಲ್ಲ, ಅದರಲ್ಲಿ ತಪ್ಪೇನು?

ನೀವು ಆಗಲೇ ಒಂದು ವಿಂಡೋ ಹಾಕಿದ್ದೀರಿ. ಕತ್ತರಿಸಿದ್ದೇ ಚೌಕ ವಿಂಡೋ: ಒಳಗೆಲ್ಲ 1, ಹೊರಗೆಲ್ಲ 0.

ಸೆಕೆಂಡಿಗೆ 1000 ಸ್ಯಾಂಪಲ್ ಅಂದುಕೊಳ್ಳಿ. ಆಗ ಒಂದೊಂದು ಬಿನ್ 1 ಹರ್ಟ್ಸ್. 50 ಹರ್ಟ್ಸ್‌ನ ಅಲೆ ಸರಿಯಾಗಿ 50 ಸುತ್ತು ಮುಗಿಸುತ್ತದೆ, ಒಂದೇ ಗೆರೆ ಬರುತ್ತದೆ. ಅದೇ 50.5 ಹರ್ಟ್ಸ್ ಆದರೆ? ಕೊನೆಯಲ್ಲಿ ಅರ್ಧ ಸುತ್ತು ಉಳಿಯುತ್ತದೆ. ಎಫ್‌ಎಫ್‌ಟಿ ಈ ತುಂಡೇ ಮತ್ತೆ ಮತ್ತೆ ಬರುತ್ತದೆ ಎಂಬಂತೆ ಲೆಕ್ಕ ಹಾಕುತ್ತದೆ. ಅಲೆ 1ರಿಂದ ಶುರುವಾಗಿದ್ದರೆ ತುಂಡಿನ ಕೊನೆಗೆ ಸುಮಾರು −1ಕ್ಕೆ ಬಂದಿರುತ್ತದೆ. ಅಲ್ಲಿಂದ ಒಮ್ಮೆಲೇ 1ಕ್ಕೆ ಜಿಗಿತ. ಈ ಜಿಗಿತವೇ ಎಲ್ಲ ಬಿನ್‌ಗಳಿಗೂ ಸೋರುತ್ತದೆ. ಇದೇ ಲೀಕೇಜ್.

ಸೋರಿದರೆ ಏನೀಗ ಅಂತೀರಾ? ಅದೇ ಸಿಗ್ನಲ್‌ನಲ್ಲಿ 70 ಹರ್ಟ್ಸ್‌ನಲ್ಲಿ 0.001 ಎತ್ತರದ ಸಣ್ಣ ಅಲೆಯೊಂದು ಇದೆ ಎನ್ನಿ. ದೊಡ್ಡದರ ಎತ್ತರ 1. ಚೌಕ ವಿಂಡೋದಲ್ಲಿ ದೊಡ್ಡ ಅಲೆಯ ಸೋರಿಕೆಯೇ 70ರ ಬಿನ್‌ನಲ್ಲಿ ಸುಮಾರು 0.019 ಇರುತ್ತದೆ. ಸಣ್ಣದು ಅದರಡಿ ಮುಳುಗಿಹೋಯಿತು. ಹ್ಯಾನ್ ವಿಂಡೋ ತುಂಡಿನ ಎರಡೂ ತುದಿಗಳನ್ನು ಮೆಲ್ಲಗೆ ಸೊನ್ನೆಗೆ ಇಳಿಸುತ್ತದೆ, ಹಾಗಾಗಿ ಜಿಗಿತವೇ ಇಲ್ಲ. ಆಗ ಅದೇ ಜಾಗದಲ್ಲಿ ಸೋರಿಕೆ ಸುಮಾರು 0.00004. ಸಣ್ಣ ಅಲೆ ಎದ್ದು ಕಾಣುತ್ತದೆ.

```python
w = scipy.signal.get_window("hann", N)
X = np.abs(np.fft.rfft(x * w)) * 2 / w.sum()
```

`w.sum()`ನಿಂದ ಭಾಗಿಸುವುದನ್ನು ಮರೆಯಬೇಡಿ. `N`ನಿಂದ ಭಾಗಿಸಿದರೆ ಎತ್ತರಗಳೆಲ್ಲ ಅರ್ಧಕ್ಕೆ ಇಳಿಯುತ್ತವೆ. ಸರಿಯಾಗಿ ಭಾಗಿಸಿದರೂ 50.5ರ ಗೆರೆ 1 ತೋರಿಸಲ್ಲ, ಎರಡು ಬಿನ್‌ಗಳ ನಡುವೆ ಬಿದ್ದಿದ್ದರಿಂದ ಸುಮಾರು 0.85 ತೋರಿಸುತ್ತದೆ. ಚೌಕದಲ್ಲಾದರೆ 0.64. ಎತ್ತರವನ್ನೇ ಸರಿಯಾಗಿ ಅಳೆಯಬೇಕಿದ್ದರೆ ಫ್ಲಾಟ್‌ಟಾಪ್ ವಿಂಡೋ ಬಳಸಿ.

ಇದೆಲ್ಲ ಪುಕ್ಕಟೆ ಅಲ್ಲ. ಹ್ಯಾನ್‌ನ ಮುಖ್ಯ ಗುಡ್ಡ 4 ಬಿನ್ ಅಗಲ, ಚೌಕದ್ದು 2. ಹೆಚ್ಚು ಕಡಿಮೆ ಒಂದೇ ಎತ್ತರದ ಎರಡು ಅಲೆ ಒಂದೂವರೆ ಹರ್ಟ್ಸ್ ದೂರದಲ್ಲಿದ್ದರೆ ಹ್ಯಾನ್ ಅವನ್ನು ಬೆರೆಸಿಬಿಡಬಹುದು. ಅಂಥ ಕಡೆ ಚೌಕವೇ ವಾಸಿ. ಇಲ್ಲವೇ ಜಾಸ್ತಿ ಹೊತ್ತು ರೆಕಾರ್ಡ್ ಮಾಡಿ.

ಶುರುವಿನಲ್ಲಿ ನಾನು ಕೊನೆಗೆ ಸೊನ್ನೆಗಳನ್ನು ಸೇರಿಸಿ ಸೋರಿಕೆ ಹೋಗುತ್ತೆ ಅಂತ ಕಾದು ಕೂತಿದ್ದೆ. ಹೋಗಲಿಲ್ಲ. ಅದೇ ಗುಡ್ಡ ಇನ್ನಷ್ಟು ನುಣುಪಾಗಿ ಕಂಡಿತು, ಅಷ್ಟೇ.

ನಿಮ್ಮ ಗುಡ್ಡ ನಿಜದ್ದೋ ಸೋರಿಕೆಯೋ ಅಂತ ನೋಡಲು `N` ಬದಲಿಸಿ. ಮೇಲಿನ ಉದಾಹರಣೆಯಲ್ಲಿ 2000 ಸ್ಯಾಂಪಲ್ ತೆಗೆದುಕೊಂಡರೆ 50.5 ಹರ್ಟ್ಸ್ ಸರಿಯಾಗಿ 101 ಸುತ್ತು ಮುಗಿಸುತ್ತದೆ. ಆಗ ಸೋರಿಕೆ ಮಾಯ, 70ರ ಸಣ್ಣ ಗೆರೆ ಮಾತ್ರ ಅಲ್ಲೇ ಇರುತ್ತದೆ.