ಮಾವ ಇನ್ನೂ ಬದುಕಿದಾರೆ ಸ್ವಾಮಿ

"ಸರ್, ನಮ್ಮ ಮಾವ ಮೇ 31ಕ್ಕೆ ರಿಟೈರ್ ಆಗ್ತಿದ್ದಾರೆ, ಅರಸೀಕೆರೆ ತಿಪಟೂರು ಕಡೆ ಬಸ್ ಕಂಡಕ್ಟರ್. ಅವರಿಗೆ ಬರೆದ ಶುಭಾಶಯ ಕಳಿಸಿದ್ದೀನಿ, ಹೇಗಿದೆ ಹೇಳಿ. ‘ನನ್ನ ಪ್ರೀತಿಯ ಸೋದರಮಾವನವರು ಸರಳತೆಯ ಸಾಕಾರಮೂರ್ತಿಯಾಗಿದ್ದರು. 34 ವರ್ಷಗಳ ಕಾಲ ಅವಿರತ ಸೇವೆ ಸಲ್ಲಿಸಿದರು. ಎಲ್ಲರನ್ನೂ ನಗುಮೊಗದಿಂದ ಮಾತನಾಡಿಸುತ್ತಿದ್ದರು. ಪ್ರಯಾಣಿಕರಿಗೆ ಕೊಡಬೇಕಾದ ಚಿಲ್ಲರೆ ಬರೆದಿಡಲು ಸಣ್ಣ ಪುಸ್ತಕವೊಂದನ್ನು ಇಟ್ಟುಕೊಂಡಿದ್ದರು. ಅವರ ಸ್ಥಾನವನ್ನು ಯಾರೂ ತುಂಬಲಾರರು. ನಿಮ್ಮ ವಿಶ್ರಾಂತ ಜೀವನಕ್ಕೆ ದೇವರು ಶಾಂತಿ ನೀಡಲಿ. ಮಾವ, ನೀನು ಸದಾ ನಮ್ಮ ಹೃದಯದಲ್ಲಿರುತ್ತೀಯ.’"

ಅಕ್ಷರ ತಪ್ಪಿಲ್ಲ, ಪ್ರೀತಿ ಇದೆ, ಉದ್ದ ಎಳೆದಿಲ್ಲ. ಹೊಗಳೋದು ಇಷ್ಟು ಸಾಕು ಅನ್ಕೊತೀನಿ, ಯಾಕಂದ್ರೆ ನಿಮ್ಮ ಬರಹ ಓದಿ ಮುಗಿಸಿದಾಗ ನನ್ನ ಬಾಯಿಗೆ ಬಂದಿದ್ದು "ಅಯ್ಯೋ ಪಾಪ, ಯಾವಾಗ ಹೋದ್ರು" ಅನ್ನೋ ಮಾತು. ಆಮೇಲೆ ಮೇಲೆ ನೋಡಿದ್ರೆ ಮೇ 31, ರಿಟೈರ್ಮೆಂಟ್!

"ಸಾಕಾರಮೂರ್ತಿಯಾಗಿದ್ದರು." ಈಗ ಅಲ್ವಾ ಹಾಗಾದ್ರೆ? 31ರ ಸಾಯಂಕಾಲ ಮುಗಿಯೋದು ಟಿಕೆಟ್ ಕೊಡೋ ಕೆಲಸ, ಮನುಷ್ಯ ಅಲ್ಲ. ಕೆಲಸದ ಬಗ್ಗೆ ಇದ್ದರು, ಮಾಡಿದರು ಅಂತ ಬರೀರಿ, ಬೇಡ ಅನ್ನಲ್ಲ, ಆದ್ರೆ ಅವರ ಗುಣಕ್ಕೂ ನಗುವಿಗೂ ಅದನ್ನೇ ಹಚ್ಚಿದ್ರೆ ಕನ್ನಡದಲ್ಲಿ ಅದು ತಕ್ಷಣ ತಿಥಿ ಕಾರ್ಡ್ ಆಗಿಬಿಡುತ್ತೆ. "ಸೇವೆ ಸಲ್ಲಿಸಿದರು" ಅಂದ್ರೆ ಕಥೆ ಮುಗೀತು. "ಸಲ್ಲಿಸಿದ್ದಾರೆ" ಅಂದ್ರೆ ಸಲ್ಲಿಸಿದವರು ಇಲ್ಲೇ ಕುರ್ಚಿ ಮೇಲೆ ಹಾರ ಹಾಕ್ಕೊಂಡು ಕೂತಿದಾರೆ. ಎರಡಕ್ಷರದ ವ್ಯತ್ಯಾಸ ಅಷ್ಟೆ. "ಮಾತನಾಡಿಸುತ್ತಿದ್ದರು" ಅನ್ನೋದಕ್ಕೆ ಮುಂದೆ "ಬಸ್ಸಲ್ಲಿ" ಅಂತ ಒಂದು ಪದ ಸೇರಿಸಿದ್ರೂ ಬಚಾವು, ಬಸ್ಸಲ್ಲಿ ಮಾತಾಡ್ಸೋದು ನಿಂತಿತು, ಮನೇಲಿ ಇನ್ನೂ ಮಾತಾಡ್ಸ್ತಾರೆ ಅಂತ ಅರ್ಥ ಆಗುತ್ತೆ. ಇನ್ನು ಸ್ಥಾನ ತುಂಬಲಾರರು, ದೇವರು ಶಾಂತಿ ನೀಡಲಿ, ಹೃದಯದಲ್ಲಿರುತ್ತೀಯ, ಈ ಮೂರನ್ನೂ ಸಾಲಾಗಿ ಜೋಡಿಸಿದ ಮೇಲೆ ವೈಕುಂಠ ಸಮಾರಾಧನೆ ಯಾವತ್ತು ಅಂತ ಬರೆಯೋದೊಂದೇ ಬಾಕಿ.

ನಾನು ಇಷ್ಟು ಸಿಟ್ಟಾಗೋಕೆ ಕಾರಣ ಇದೆ. ಪತ್ರಿಕೆಗೆ ಟ್ರೈನಿ ಆಗಿ ಸೇರಿದಾಗ (ಯಾವ ಪತ್ರಿಕೆ ಅನ್ನೋದು ಬೇಡ ಬಿಡಿ) ನನಗೆ ಕೊಟ್ಟಿದ್ದು ಒಳಪುಟದ ಸಣ್ಣಪುಟ್ಟ ಸುದ್ದಿ, ನಿಧನ, ನಿವೃತ್ತಿ, ವಾರ್ಷಿಕೋತ್ಸವ. ಮೇ ಕೊನೆ ಬಂದ್ರೆ ನಿವೃತ್ತಿ ಸುದ್ದಿ ರಾಶಿ ಬೀಳ್ತಿತ್ತು, ಯಾಕಂದ್ರೆ ಹಳ್ಳಿ ಕಡೆ ಹುಟ್ಟಿದ ತಾರೀಖು ಯಾರಿಗೆ ಗೊತ್ತಿರುತ್ತೆ, ಸ್ಕೂಲಿಗೆ ಸೇರಿಸೋವಾಗ ಮೇಷ್ಟ್ರು ಜೂನ್ 1 ಅಂತ ಬರ್ಕೊಂಡ್ರೆ ಅದೇ ಗ್ಯಾರಂಟಿ, ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೇ ದಿನವೇ ನಿವೃತ್ತಿ. (ನಿಮ್ಮ ಮಾವಂದೂ ಮೇಷ್ಟ್ರ ಜೂನ್ 1ಏ ಇರ್ಬೇಕು, ಕೇಳಿ ನೋಡಿ.) ಅಂಥ ಒಂದು ಮೇ ತಿಂಗಳಲ್ಲಿ ಒಬ್ಬ ಹೆಡ್‌ಮಾಸ್ಟರ್ ನಿವೃತ್ತಿ ಸುದ್ದಿನ ನಾನು ಹಿಂಗೇ, ಸರಳ ಸಜ್ಜನಿಕೆಯವರಾಗಿದ್ದರು, ಶಿಷ್ಯರನ್ನು ಪ್ರೀತಿಸುತ್ತಿದ್ದರು ಅಂತ ಬರೆದೆ, ಪೇಜ್ ಮಾಡೋರು ಓದಿ ನಿಧನದ ಕಾಲಮ್ಮಿಗೆ ಹಾಕಿದ್ರು, ಫೋಟೋ ಸಮೇತ. ಬೆಳಿಗ್ಗೆ ಆಫೀಸಿಗೆ ಫೋನ್ ಮಾಡಿದ್ದು ಸ್ವತಃ ಹೆಡ್‌ಮಾಸ್ಟ್ರೇ, "ನಮ್ಮನೆ ಮುಂದೆ ಜನ ಹಾರ ಹಿಡ್ಕೊಂಡು ನಿಂತಿದಾರಪ್ಪ, ಒಳಗೆ ಕರೀಲಾ ಬೇಡ್ವಾ?" ನಮ್ಮ ಹಿರಿಯರು ಬೈಲಿಲ್ಲ, ಪೇಜಿನವರ ತಪ್ಪೂ ಅನ್ನಲಿಲ್ಲ. ನನ್ನ ಕಾಪಿ ತಗೊಂಡು ಕೆಂಪು ಪೆನ್ನಲ್ಲಿ ಒಂದೊಂದು "ದ್ದರು"ಗೂ ಸುತ್ತು ಹಾಕಿ ವಾಪಸ್ ಕೊಟ್ರು. ಹನ್ನೊಂದು ಸುತ್ತು, ಇವತ್ತಿಗೂ ಲೆಕ್ಕ ಮರೆತಿಲ್ಲ.

ಅದು ಒಂದು. ಇನ್ನೊಂದು ಇದಕ್ಕಿಂತ ಹೆಚ್ಚು ಹೊಟ್ಟೆ ಉರಿಸಿದ್ದು, ಆ ಪುಸ್ತಕ. ಚಿಲ್ಲರೆ ಬರೆದಿಡೋ ಪುಸ್ತಕ! ಅದನ್ನ ನಗುಮೊಗಕ್ಕೂ ತುಂಬಲಾರದ ಸ್ಥಾನಕ್ಕೂ ಮಧ್ಯ ಒಂದು ಸಾಲಲ್ಲಿ ಹೂತುಬಿಟ್ಟಿದ್ದೀರಲ್ಲ. ಟ್ರೈನಿ ದಿನಗಳಲ್ಲಿ ನನ್ನ ರೂಮ್‌ಮೇಟ್ ಒಬ್ಬ ಕಂಡಕ್ಟರೇ, ರಾತ್ರಿ ಬಂದು ಬ್ಯಾಗ್ ಸುರಿದು ನಾಣ್ಯ ಎಣಿಸೋದು ನೋಡ್ತಾ ನಾನು ಊಟ ಮಾಡ್ತಿದ್ದೆ, ಅದಕ್ಕೇ ಗೊತ್ತು. ಚಿಲ್ಲರೆ ಇಲ್ದಿದ್ರೆ ಟಿಕೆಟ್ ಹಿಂದೆ ಬರ್ಕೊಡ್ತಾರೆ, ಇಳಿಯೋವಾಗ ಇಸ್ಕೊಳ್ಳಿ ಅಂತ. ಜನ ಸ್ಟಾಪ್ ಬಂದ ಗಡಿಬಿಡೀಲಿ ಮರೆತು ಇಳೀತಾರೆ, ದುಡ್ಡು ಬ್ಯಾಗಲ್ಲೇ ಉಳಿಯುತ್ತೆ. ಅದು ಲಾಭ ಅನ್ಕೊಬೇಡಿ. ಡ್ಯೂಟಿ ಹತ್ತೋವಾಗ ಜೇಬಲ್ಲಿರೋ ಸ್ವಂತ ದುಡ್ಡು ಎಷ್ಟು ಅಂತ ಮೊದಲೇ ಬರೆಸ್ಬೇಕು, ದಾರೀಲಿ ಚೆಕಿಂಗ್‌ನೋರು ಹತ್ತಿದ್ರೆ ಟಿಕೆಟ್ ಲೆಕ್ಕಕ್ಕೂ ಬ್ಯಾಗಿಗೂ ತಾಳೆ ನೋಡ್ತಾರೆ, ಕಮ್ಮಿ ಇದ್ರೂ ಕಷ್ಟ, ಜಾಸ್ತಿ ಇದ್ರೂ "ಯಾರಿಗೋ ಟಿಕೆಟ್ ಕೊಟ್ಟಿಲ್ಲ ನೀನು" ಅಂತ ಅನುಮಾನ. ಹಂಗಾಗಿ ಮರೆತು ಹೋದೋರ ಎಂಟು ರೂಪಾಯಿ ಕಂಡಕ್ಟರಿಗೆ ತಲೆನೋವು. ತುಂಬ ಜನ ಅದನ್ನ ಅಲ್ಲಿಗೇ ಬಿಡ್ತಾರೆ. ನಿಮ್ಮ ಮಾವ ಆಳಿನ ಗುರುತು ಬರೆದಿಟ್ಕೊಂಡಿದಾರೆ.

ಅದಕ್ಕೇ ನಾನು ಮೊನ್ನೆ ಮೆಸೇಜ್ ಮಾಡಿ ಅದರಲ್ಲಿ ಏನಿದೆ ಅಂತ ಕೇಳಿದ್ದು. ನೀವು ಏನೂ ವಿಶೇಷ ಇಲ್ಲ ಸರ್ ಅಂತ ಹೇಳಿ ಕಳಿಸಿದ್ರಲ್ಲ, "ಗೇಟ್ ಅಜ್ಜಿ 8", "ಐಟಿಐ ಹುಡುಗ ನೀಲಿ ಬ್ಯಾಗು 3", "ಕೊಬ್ಬರಿ ಮೂಟೆಯವರು, ಲಗೇಜ್ ಸೇರಿ 12". ಕೊಟ್ಟಿದ್ದಕ್ಕೆ ಗೀಟು ಎಳೆದಿದಾರೆ, ಅಜ್ಜಿದು ಮಾತ್ರ ಗೀಟಿಲ್ಲ ಅಂದ್ರಿ. ಕೊನೇ ಕೊನೇಲಿ ಪುಟಗಳೇ ಖಾಲಿ ಅಂತಾನೂ ಅಂದ್ರಿ. ಹೌದು ಮತ್ತೆ, 2023ರ ಜೂನ್ 11ಕ್ಕೆ ಹೆಂಗಸರಿಗೆ ಫ್ರೀ ಬಸ್ಸಿನ ಶಕ್ತಿ ಯೋಜನೆ ಬಂತು, ಆಮೇಲೆ ಅರ್ಧ ಬಸ್ಸಿಗೆ ಶೂನ್ಯ ಟಿಕೆಟ್, ಆ ಟಿಕೆಟ್ ಹರಿದು ಕೊಡೋ ಕೆಲಸ ತಪ್ಪಲಿಲ್ಲ, ಆದ್ರೆ ಅಜ್ಜಿಯರ ಹತ್ರ ಚಿಲ್ಲರೆ ವ್ಯವಹಾರ ಮುಗೀತು. ಇದೆಲ್ಲ ವಿಶೇಷ ಅಲ್ವಾ ನಿಮಗೆ?

ಸಂಬೋಧನೆ ಬಗ್ಗೆ ಜಗಳ ಬೇಡ ಅನ್ಕೊಂಡಿದ್ದೆ, ಆದ್ರೂ ಬಿಡಕ್ಕಾಗ್ತಿಲ್ಲ. ಐದು ಸಾಲು ಅವರು, ಒಂದು ಸಾಲು ನೀವು, ಒಂದು ಸಾಲು ನೀನು. ಮನೇಲಿ ಏನಂತ ಕರೀತೀರಿ ಅಂದಿದ್ದಕ್ಕೆ "ಮಾವ ನೀನು ಅಂತಾನೇ" ಅಂದ್ರಿ. ಹಂಗಾದ್ರೆ ಡಿಪೋ ಫಂಕ್ಷನ್ನಿಗೆ ಬಂದ ಸಾಹೇಬ್ರಿಗೆ ಕೇಳ್ಲಿ ಅಂತ ಯಾಕೆ ಬರೀತೀರಿ, ಮಾವನ ಮುಂದೆ ಕೂತು ಬರೀರಿ. ನಾನಾಗಿದ್ರೆ ಇಷ್ಟೇ:

"ಮಾವ, ಕೇಳದೇ ನಿನ್ನ ಚಿಲ್ಲರೆ ಬುಕ್ಕು ತೆಗೆದು ನೋಡ್ದೆ, ಬೈಬೇಡ. ಎಲ್ಲದಕ್ಕೂ ಗೀಟು ಹಾಕಿದೀಯ, ಗೇಟ್ ಅಜ್ಜಿ ಎಂಟು ರೂಪಾಯಿಗೆ ಹಾಕಿಲ್ಲ. 31ಕ್ಕೆ ಬ್ಯಾಗು ಮಷೀನು ಎಲ್ಲ ಡಿಪೋಗೆ ಒಪ್ಪಿಸಿ ಬರ್ತೀಯ, ಈ ಬುಕ್ಕು ಯಾರಿಗೆ ಒಪ್ಪಿಸ್ತೀಯ?"

ಇದು ನನ್ನ ಕೈ, ಹಂಗೇ ಕಾಪಿ ಹೊಡೀಬೇಡಿ, ಮಾವ ಕಂಡುಹಿಡೀತಾರೆ, 34 ವರ್ಷ ಪಾಸ್ ನೋಡಿದೋರು. ನೀವೇ ಮತ್ತೆ ಬರ್ದು ಕಳಿಸಿ, ಹಾಕ್ಕೊತೀನಿ. ಕಳಿಸೋ ಮೊದಲು ಅವರ ಪಕ್ಕ ಕೂತು ಆ ಅಜ್ಜಿ ಏನಾದ್ರು ಅಂತ ಒಂದ್ಸಲ ಕೇಳಿ.