ಆ ‘100% ಗ್ಯಾರಂಟಿ’ ಎಲ್ಲಿಂದ ಬರುತ್ತದೆ?

ಪ್ರಶ್ನೆ: ನೆಂಟರು ಕಳಿಸೋ ಮನೆಮದ್ದಿನ ಮೆಸೇಜ್‌ಗಳಲ್ಲಿ ಪುರಾವೆ ಇರಲ್ಲ, ಆದ್ರೂ ಅಷ್ಟು ಗಟ್ಟಿಯಾಗಿ ಹೇಗೆ ಹೇಳ್ತಾರೆ?

ಹೆಚ್ಚಿನವರು ಸುಳ್ಳು ಹೇಳುತ್ತಿರುವುದಿಲ್ಲ. ಅವರಿಗೆ ನಿಜವಾಗಿಯೂ ವಾಸಿಯಾಗಿರುತ್ತದೆ. ಆದರೆ ಅನೇಕ ಸಲ ಅದು ಆ ಮದ್ದಿನಿಂದ ಆಗಿರುವುದಿಲ್ಲ.

ನೆಗಡಿಯನ್ನೇ ನೋಡಿ. ಶುರುವಾದ 2–3ನೇ ದಿನ ಅದು ಜೋರಾಗಿರುತ್ತದೆ. ಸಾಮಾನ್ಯವಾಗಿ 7ರಿಂದ 10 ದಿನದಲ್ಲಿ ತಾನಾಗಿಯೇ ಹೋಗುತ್ತದೆ. ನಾವು ಮದ್ದು ಹುಡುಕುವುದು ಯಾವಾಗ? ಮೂಗು ಪೂರ್ತಿ ಕಟ್ಟಿಕೊಂಡ ಆ 3ನೇ ದಿನವೇ. ಅಂದು ಬಿಸಿ ನಿಂಬೆನೀರು ಕುಡಿಯಲು ಶುರು ಮಾಡಿದರೆ 6ನೇ ದಿನಕ್ಕೆ ಹಗುರ ಅನ್ನಿಸುತ್ತದೆ. ಗಂಟಲಿಗೆ ಹಿತ ಅನ್ನಿಸುವುದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಸುಮ್ನೆ ಕೂತಿದ್ದರೂ ನೆಗಡಿ ಇಳಿಯುತ್ತಿತ್ತು, ಅಲ್ವಾ? ಕುಡಿಯದೇ ಇದ್ದಿದ್ದರೆ ಏನಾಗುತ್ತಿತ್ತು ಎಂಬುದು ಯಾರಿಗೂ ಕಾಣುವುದಿಲ್ಲ. ಅದಕ್ಕೇ ಔಷಧಿ ಪರೀಕ್ಷಿಸುವಾಗ ಅದನ್ನು ಕೊಡದ ಇನ್ನೊಂದು ಗುಂಪನ್ನೂ ಇಟ್ಟುಕೊಂಡು ಹೋಲಿಸುತ್ತಾರೆ.

ಜೊತೆಗೆ, ಫಲ ಸಿಗದವರು ‘ನನಗೇನೂ ಆಗಲಿಲ್ಲ’ ಎಂದು ಫಾರ್ವರ್ಡ್ ಮಾಡುವುದು ಕಡಿಮೆ. ಗ್ರೂಪಿಗೆ ಬರುವುದು ಜಾಸ್ತಿ ವಾಸಿಯಾದವರ ಕಥೆಯೇ. ‘ಆಧಾರ: ಅತ್ತೆಯ ಫೋನು’ ಎನ್ನುವಂಥ ಮೀಮ್‌ಗಳು ಚುಚ್ಚುವುದು ಇಲ್ಲಿಗೇ. ಅತ್ತೆಯ ಅನುಭವ ಸುಳ್ಳಲ್ಲ, ಹೋಲಿಸಲು ಎರಡನೇ ಅತ್ತೆ ಇಲ್ಲ ಅಷ್ಟೇ.