ಕೊಂಪಾದ್ರೆ ಅಂದ್ರೆ ಯಾವ ನೆಂಟ?

ಪ್ರಶ್ನೆ: ಮೆಕ್ಸಿಕೋದವರು ಗೆಳೆಯರನ್ನು ಕೊಂಪಾದ್ರೆ, ಮಿಹೋ ಅಂತಾರಲ್ಲ, ಅವರೆಲ್ಲ ನೆಂಟರಾ?

ನೆಂಟರೇ ಆಗಬೇಕಿಲ್ಲ. ಕೊಂಪಾದ್ರೆ ಅಂದರೆ ‘ಜೊತೆ ಅಪ್ಪ’. ಕ್ಯಾಥೊಲಿಕರಲ್ಲಿ ಜ್ಞಾನಸ್ನಾನದ ಹೊತ್ತಿಗೆ ಮಗುವಿಗೆ ಒಬ್ಬ ಜ್ಞಾನತಂದೆ ಇರುತ್ತಾನೆ. ಮಗುವಿಗೆ ಅವನು ಪಾದ್ರಿನೊ. ಮಗುವಿನ ಅಪ್ಪನೂ ಅವನೂ ಒಬ್ಬರಿಗೊಬ್ಬರು ಕೊಂಪಾದ್ರೆ. ಈ ಜಾಗಕ್ಕೆ ಎಷ್ಟೋ ಸಲ ಆಪ್ತ ಗೆಳೆಯನನ್ನೇ ಕರೆಯುತ್ತಾರೆ. ಹಾಗಾಗಿ ಮಾತು ಚರ್ಚ್ ದಾಟಿ ಬೀದಿಗೆ ಬಂತು, ‘ಕೊಂಪಾ’ ಅಂತ ಮೊಟಕೂ ಆಯಿತು. ಈಗ ಮಗು, ಜ್ಞಾನಸ್ನಾನ ಏನೂ ಬೇಕಿಲ್ಲ, ಸಲುಗೆ ಇದ್ದರೆ ಸಾಕು.

ಮಿಹೋ ಅಂದರೆ ‘ಮಿ ಇಹೋ’, ನನ್ನ ಮಗ. ನಮ್ಮ ಹುಡುಗರ ‘ಮಗಾ’ ಥರಾನೇ ಅಲ್ವಾ? ಪೂರ್ತಿ ಅಲ್ಲ. ಇದನ್ನು ಜಾಸ್ತಿ ಹೇಳುವುದು ದೊಡ್ಡವರು, ಚಿಕ್ಕವರಿಗೆ. ಗುರುತಿಲ್ಲದ ಹಿರಿಯರಿಗೆ ಅಂದರೆ ಅಧಿಕಪ್ರಸಂಗ ಅನಿಸುತ್ತದೆ.